ಮೂರೂವರೆ ಗಂಟೆಯ ಸಿನಿಮಾಕ್ಕೆ ಒಂದು ಸಂಜೆ

ಹುಡುಗಿ: ಚಿಕ್ಕಪ್ಪ, ಈ ಶನಿವಾರ ಕುರೊಸಾವಾನ ‘ಸೆವೆನ್ ಸಮುರಾಯ್’ ನೋಡೋಣ ಅಂತಿದ್ದೀನಿ. ಆದರೆ ಅದರ ಉದ್ದ ನೋಡಿದರೆ ಕೈ ಹಿಂದೆ ಸರಿಯುತ್ತೆ. 207 ನಿಮಿಷ. ನನ್ನ ಗೆಳತಿ ಅದನ್ನು ಮೂರು ರಾತ್ರಿ ಹಂಚಿಕೊಂಡು ನೋಡಿದಳಂತೆ. ಮೊದಲ ರಾತ್ರಿ ತುಂಬಾ ಹಿಡಿಸಿತು, ಮೂರನೇ ರಾತ್ರಿ ಬರೀ ಕುದುರೆ, ಕೆಸರು, ಕೂಗಾಟ ಅನ್ನಿಸಿತು ಅಂದಳು. ನಾನೂ ಹಾಗೇ ಹಂಚಿಕೊಂಡು ನೋಡಲಾ, ಇಲ್ಲ ಒಂದೇ ಏಟಿಗೆ ಕೂತುಬಿಡಲಾ?

ಚಿಕ್ಕಪ್ಪ: ಎರಡೂ ಬೇಡ. ಒಂದೇ ಸಂಜೆ ನೋಡು, ಆದರೆ ಎರಡು ಭಾಗ ಮಾಡಿ ನೋಡು. ನಿನ್ನ ಗೆಳತಿಗೆ ಮೂರನೇ ರಾತ್ರಿ ಯಾಕೆ ಹಾಗಾಯಿತು ಅನ್ನೋದು ನನಗೆ ಗೊತ್ತಾಗುತ್ತೆ. ಅದನ್ನು ಹೇಳಿದರೆ ಎಲ್ಲಿ ನಿಲ್ಲಿಸಬೇಕು ಅನ್ನೋದೂ ತಾನಾಗಿ ತಿಳಿಯುತ್ತೆ.

ಹುಡುಗಿ: ಹೇಳಿ.

ಚಿಕ್ಕಪ್ಪ: ಕತೆ ಸರಳ. ಒಂದು ಬಡ ಹಳ್ಳಿ. ಜವೆಗೋಧಿ ಬೆಳೆದು ನಿಂತಾಗ ಬಂದು ದೋಚಿಕೊಂಡು ಹೋಗೋಣ ಅಂತ ದರೋಡೆಕೋರರು ಬೆಟ್ಟದ ಮೇಲೆ ಮಾತಾಡಿಕೊಳ್ಳೋದನ್ನು ಒಬ್ಬ ರೈತ ಕೇಳಿಸಿಕೊಳ್ಳುತ್ತಾನೆ. ಅವರು ನಲವತ್ತು ಜನ. ರೈತರು ಪೇಟೆಗೆ ಹೋಗಿ, ಊಟ ಹಾಕುತ್ತೇವೆ ಅನ್ನೋ ಒಂದೇ ಕೂಲಿಯ ಮೇಲೆ ಏಳು ಸಮುರಾಯ್‌ಗಳನ್ನು ಕರೆತರುತ್ತಾರೆ. ಮೊದಲ ಭಾಗದಲ್ಲಿ ಕಾಂಬೇಯ್ ಅನ್ನೋ ಹಿರಿಯ ಸಮುರಾಯ್ ಹಳ್ಳಿಯ ನಕ್ಷೆ ಕೈಯಲ್ಲಿ ಹಿಡಿದು ಸುತ್ತಲೂ ನಡೆದು ನೋಡುತ್ತಾನೆ. ಈ ಕಡೆಯಿಂದ ಶತ್ರು ಬಂದರೆ ಏನು ಮಾಡೋದು, ಆ ಕಡೆಯಿಂದ ಬಂದರೆ ಏನು ಅಂತ ಒಂದೊಂದು ದಿಕ್ಕಿಗೂ ನಿಂತು ಯೋಚಿಸುತ್ತಾನೆ. ಒಂದು ಕಡೆ ಬೇಲಿ ಹಾಕಬೇಕು. ಇನ್ನೊಂದು ಕಡೆ ಕೊಯ್ಲು ಮುಗಿದ ಕೂಡಲೇ ಗದ್ದೆಗೆ ನೀರು ಬಿಡಬೇಕು, ಕುದುರೆ ದಾಟಬಾರದು. ಹಳ್ಳದ ಮೇಲಿನ ಸೇತುವೆ ಕಿತ್ತುಹಾಕಬೇಕು. ಕಾಡಿನ ಕಡೆಯ ಒಂದು ದಾರಿಯನ್ನು ಮಾತ್ರ ಬೇಕಂತಲೇ ತೆರೆದಿಡುತ್ತಾರೆ. ಯಾಕೆ ಅನ್ನೋದನ್ನು ಸಿನಿಮಾವೇ ಹೇಳಲಿ.

ಹುಡುಗಿ: ಅಂದರೆ ಹಳ್ಳಿಯ ನಕ್ಷೆ ನಮ್ಮ ತಲೇಲೂ ಇರಬೇಕು ಅಂತ.

ಚಿಕ್ಕಪ್ಪ: ಅದೇ ಮುಖ್ಯ. ಎರಡನೇ ಭಾಗದ ಕಾಳಗ ಪೂರ್ತಿ ಆ ನಕ್ಷೆಯ ಮೇಲೇ ನಡೆಯುತ್ತೆ. ಯಾರೋ ಓಡುತ್ತಾರೆ ಅಂದರೆ ಎಲ್ಲಿಂದ ಎಲ್ಲಿಗೆ ಓಡುತ್ತಾರೆ, ಅಲ್ಲಿ ಕಾವಲು ಯಾರದ್ದು, ಆ ಜಾಗ ಖಾಲಿಯಾದರೆ ಏನಾಗುತ್ತೆ ಅನ್ನೋದು ನಿನಗೆ ಗೊತ್ತಿದ್ದರೆ ಮಾತ್ರ ಎದೆ ಹೊಡೆದುಕೊಳ್ಳುತ್ತೆ. ಕಾಂಬೇಯ್ ಒಂದು ಕಾಗದದ ಮೇಲೆ ಒಬ್ಬೊಬ್ಬ ದರೋಡೆಕೋರನಿಗೂ ಒಂದೊಂದು ಸೊನ್ನೆ ಬರೆದುಕೊಂಡಿರುತ್ತಾನೆ. ಒಬ್ಬ ಸತ್ತರೆ ಒಂದು ಸೊನ್ನೆ ಹೊಡೆದುಹಾಕುತ್ತಾನೆ. ಅವರ ಹತ್ತಿರ ಮೂರು ಬಂದೂಕು ಇವೆ ಅನ್ನೋದನ್ನೂ ಲೆಕ್ಕದಲ್ಲಿ ಇಟ್ಟಿರುತ್ತಾನೆ. ನೋಡೋ ನಮಗೂ ಆ ಲೆಕ್ಕ ನಡೀತಾ ಇರಬೇಕು. ನಿನ್ನ ಗೆಳತಿ ನಕ್ಷೆ ನೋಡಿದ್ದು ಮೊದಲ ರಾತ್ರಿ, ಕಾಳಗ ನೋಡಿದ್ದು ಮೂರನೇ ರಾತ್ರಿ. ನಡುವೆ ಎರಡು ಹಗಲು ಆಫೀಸು, ಬಸ್ಸು, ಬೇರೆ ಹತ್ತು ವಿಷಯ. ನಕ್ಷೆ ಅಳಿಸಿಹೋಗಿದೆ. ಉಳಿದದ್ದು ಕುದುರೆ ಮತ್ತು ಕೆಸರು ಅಷ್ಟೇ.

ಹುಡುಗಿ: ಹಾಗಿದ್ದರೆ ನಿಲ್ಲಿಸದೇ ನೋಡೋದೇ ಒಳ್ಳೇದಲ್ಲವಾ? ನಕ್ಷೆ ಇನ್ನೂ ಹಸಿಯಾಗಿರುತ್ತೆ.

ಚಿಕ್ಕಪ್ಪ: ನಕ್ಷೆ ಹಸಿಯಾಗಿರುತ್ತೆ, ಕಣ್ಣು ಹಸಿಯಾಗಿರಲ್ಲ. ನೀನು ಜಪಾನಿ ಮಾತು ಕೇಳ್ತಾ, ಇಂಗ್ಲಿಷ್ ಸಬ್‌ಟೈಟಲ್ ಓದ್ತಾ, ಚಿತ್ರವನ್ನೂ ನೋಡಬೇಕು. ಒಂದೂಮುಕ್ಕಾಲು ಗಂಟೆ ಆದಮೇಲೆ ಓದೋ ಕಣ್ಣು ಸೋಲುತ್ತೆ. ಸೋತಿದ್ದು ನಿನಗೇ ಗೊತ್ತಾಗಲ್ಲ. ಒಂದು ಗುರುತು ಹೇಳ್ತೀನಿ ಕೇಳು: ಅಕ್ಷರ ಓದಿ ಮುಗಿಸಿದ್ದೀಯ, ಆದರೆ ಆ ಮಾತು ಯಾರಾಡಿದರು ಅಂತ ನೋಡಲಿಲ್ಲ. ಹೀಗೆ ಮೂರ್ನಾಲ್ಕು ಸಲ ಆಯಿತು ಅಂದರೆ ನೀನು ಸಿನಿಮಾ ನೋಡ್ತಿಲ್ಲ, ಪಟ್ಟಿ ಓದ್ತಿದ್ದೀಯ ಅಂತ ಅರ್ಥ. ಈ ಸಿನಿಮಾ ಮಾಡಿದವರಿಗೆ ಅದು ಗೊತ್ತಿತ್ತು. 1954ರಲ್ಲಿ ಬಂದ ಮೂಲ ಪ್ರತಿಯಲ್ಲೇ ಮಧ್ಯಂತರ ಇದೆ. ಸುಮಾರು ಒಂದು ಗಂಟೆ ನಲವತ್ತೇಳು ನಿಮಿಷಕ್ಕೆ ಬರುತ್ತೆ. ಪರದೆಯ ಮೇಲೆ ಅಕ್ಷರ ನಿಲ್ಲುತ್ತೆ, ಐದು ನಿಮಿಷದಷ್ಟು ಬರೀ ಸಂಗೀತ.

ಹುಡುಗಿ: ನಮ್ಮ ಸಿನಿಮಾಗಳ ಇಂಟರ್‌ವಲ್ ಹಾಗೇನಾ? ದೊಡ್ಡ ತಿರುವು ಕೊಟ್ಟು, ಮುಂದೇನು ಅಂತ ಕುತೂಹಲ ಕೆರಳಿಸಿ ನಿಲ್ಲಿಸೋದು?

ಚಿಕ್ಕಪ್ಪ: ಇದರ ರೀತಿ ಬೇರೆ. ಹಳ್ಳದ ಆಚೆ ಮೂರು ಮನೆ ಇರುತ್ತವೆ. ಇಡೀ ಊರನ್ನು ಉಳಿಸಬೇಕಾದರೆ ಆ ಮೂರು ಮನೆ ಬಿಟ್ಟುಕೊಡಬೇಕು. ಆ ಮನೆಯವರಿಗೆ ಸಿಟ್ಟು ಬಂದು, ಈಟಿ ಎಸೆದು, ನಮ್ಮ ಮನೆ ನಾವು ನೋಡಿಕೊಳ್ತೀವಿ ಅಂತ ಹೊರಟುಬಿಡುತ್ತಾರೆ. ಅಲ್ಲಿಯವರೆಗೆ ಮೆಲುದನಿಯಲ್ಲಿ ಮಾತಾಡುತ್ತಿದ್ದ ಕಾಂಬೇಯ್ ಕತ್ತಿ ಹಿರಿದು ಅವರನ್ನು ಅಟ್ಟಿಸಿಕೊಂಡು ಹೋಗಿ ಸಾಲಿಗೆ ತಳ್ಳುತ್ತಾನೆ. ಬೇರೆಯವರನ್ನು ಕಾಯದೆ ತನ್ನೊಬ್ಬನನ್ನು ಕಾಯ್ದುಕೊಳ್ಳೋಕೆ ಆಗಲ್ಲ ಅನ್ನೋದು ಅವನ ಮಾತಿನ ಸಾರ. ಅಲ್ಲಿಗೆ ಮಧ್ಯಂತರ. ತಿರುಗಿ ಶುರುವಾದಾಗ ಕೊಯ್ಲು. ನೋಡು, ತಯಾರಿ ಮುಗಿಯಿತು, ಊರು ಒಂದು ಮಾತಿಗೆ ಬಂತು, ಗಡುವು ಹತ್ತಿರ ಬಂತು. ಒಂದು ಕೆಲಸ ಪೂರ್ತಿಯಾಗಿ ಇನ್ನೊಂದು ಶುರುವಾಗೋ ಗೆರೆ ಅದು. ಉದ್ದದ ಸಿನಿಮಾವನ್ನು ನಿಲ್ಲಿಸಬೇಕಾದದ್ದು ಅಂಥ ಗೆರೆಯ ಮೇಲೆ. ನಮಗೆ ಹಸಿವಾದಾಗ ಅಲ್ಲ, ಫೋನು ಬಂದಾಗ ಅಲ್ಲ.

ಹುಡುಗಿ: ಫೋನು ಬಂದೇ ಬರುತ್ತಲ್ಲ ಚಿಕ್ಕಪ್ಪ. ಬಾಗಿಲು ತಟ್ಟೋರೂ ಬರ್ತಾರೆ.

ಚಿಕ್ಕಪ್ಪ: ಬರಲಿ. ಹಾಗೆ ನಿಂತುಹೋದರೆ ವಾಪಸು ಬಂದಮೇಲೆ ನಿಂತ ಜಾಗದಿಂದ ಶುರು ಮಾಡಬೇಡ. ಹತ್ತು ಸೆಕೆಂಡು ಹಿಂದೆ ಹಾಕೋ ಗುಂಡಿ ಒತ್ತಿದರೂ ಸಾಲದು. ಆ ದೃಶ್ಯದ ಮೊದಲಿಗೇ ಹೋಗು, ಎರಡು ನಿಮಿಷವಾಗಲಿ ನಾಲ್ಕು ನಿಮಿಷವಾಗಲಿ. ಒಂದು ದೃಶ್ಯ ಮೆಲ್ಲಗೆ ಏರಿಕೊಂಡು ಹೋಗಿ ಒಂದು ಮಾತಿಗೆ ತಲುಪುತ್ತೆ. ಏರೋದನ್ನು ಬಿಟ್ಟು ಬರೀ ಆ ಮಾತು ಕೇಳಿದರೆ ಏನೂ ಆಗಲ್ಲ. ಇದೇ ಸಿನಿಮಾದಲ್ಲಿ ಕಿಕುಚಿಯೋ ಅನ್ನೋನು ರೈತರು ಬಚ್ಚಿಟ್ಟ ರಕ್ಷಾಕವಚಗಳನ್ನು ಹುಡುಕಿ ಖುಷಿಯಿಂದ ಹೊತ್ತು ತರುತ್ತಾನೆ. ಉಳಿದ ಸಮುರಾಯ್‌ಗಳ ಮುಖ ಕಪ್ಪಿಡುತ್ತೆ. ಸೋತು ಓಡಿಬರುತ್ತಿದ್ದ ಸಮುರಾಯ್‌ಗಳನ್ನು ಕೊಂದು ರೈತರು ಕಿತ್ತುಕೊಂಡ ಕವಚ ಅವು. ಸ್ವಲ್ಪ ಹೊತ್ತು ಯಾರೂ ಮಾತಾಡಲ್ಲ. ಆಮೇಲೆ ಕಿಕುಚಿಯೋ ಸಿಡಿಯುತ್ತಾನೆ: ರೈತರು ಹೀಗೆ ಕಳ್ಳರೂ ಕಟುಕರೂ ಆದರು ಅಂದರೆ ಅವರನ್ನು ಹಾಗೆ ಮಾಡಿದವರು ಯಾರು ಅಂತ. ಆ ಮೌನ ಇಲ್ಲದೆ ಆ ಸಿಡಿತ ನೋಡಿದರೆ ಬರೀ ಕೂಗಾಟ.

ಹುಡುಗಿ: ಸರಿ. ಸಂಜೆಯ ಲೆಕ್ಕ ಹಾಕೋಣ. ನಾನು ರಾತ್ರಿ ಊಟ ಮುಗಿಸಿ ಎಂಟಕ್ಕೆ ಶುರು ಮಾಡೋಣ ಅಂತಿದ್ದೆ.

ಚಿಕ್ಕಪ್ಪ: ಎಂಟಕ್ಕೆ ಶುರು ಮಾಡಿದರೆ ಮಧ್ಯಂತರ ಬರೋದು ಹತ್ತಕ್ಕೆ ಹನ್ನೆರಡು ಹದಿಮೂರು ನಿಮಿಷ ಇರುವಾಗ. ಕಾಲು ಗಂಟೆ ಎದ್ದರೂ ಮುಗಿಯೋದು ಹನ್ನೊಂದೂಮುಕ್ಕಾಲರ ಹೊತ್ತಿಗೆ. ಕೊನೆಯ ಅರ್ಧ ಗಂಟೆ, ಮಳೆಯಲ್ಲಿ ನಡೆಯೋ ಕಾಳಗ, ಇಡೀ ಸಿನಿಮಾ ಅದಕ್ಕೋಸ್ಕರವೇ ಕಟ್ಟಿದ್ದು. ಅದು ನಿನ್ನ ನಿದ್ದೆಯ ಹೊತ್ತಿಗೆ ಸಿಗುತ್ತೆ. ಹಿಂದಿನಿಂದ ಲೆಕ್ಕ ಹಾಕು. ನಿನ್ನ ಕಣ್ಣು ಚುರುಕಾಗಿರೋದು ರಾತ್ರಿ ಎಷ್ಟು ಗಂಟೆವರೆಗೆ?

ಹುಡುಗಿ: ಹತ್ತರವರೆಗೆ ಪರವಾಗಿಲ್ಲ.

ಚಿಕ್ಕಪ್ಪ: ಹಾಗಾದರೆ ಹತ್ತರೊಳಗೆ ಮುಗಿಯಬೇಕು. ಮಧ್ಯಂತರದ ಸಂಗೀತ ಬಿಟ್ಟರೆ ಎರಡನೇ ಭಾಗ ಸುಮಾರು ತೊಂಬತ್ತೈದು ನಿಮಿಷ. ಅಂದರೆ ಎಂಟೂಕಾಲಿಗೆ ಎರಡನೇ ಭಾಗ ಶುರುವಾಗಿರಬೇಕು. ಊಟಕ್ಕೆ ಮುಕ್ಕಾಲು ಗಂಟೆ ಇಟ್ಟುಕೋ. ಆಗ ಏಳೂವರೆಗೆ ಮೊದಲ ಭಾಗ ಮುಗಿದಿರಬೇಕು. ಮೊದಲ ಭಾಗಕ್ಕೆ ನೂರ ಏಳು ನಿಮಿಷ, ನಡುವೆ ಒಂದು ಸಲ ಐದು ನಿಮಿಷ ಏಳೋದಕ್ಕೆ. ಐದೂವರೆಗೆ ಶುರು ಮಾಡಿದರೆ ಅವಸರವೇ ಇಲ್ಲ. ಐದೂಮುಕ್ಕಾಲಾದರೂ ನಡೆಯುತ್ತೆ. ಅದಕ್ಕಿಂತ ತಡ ಬೇಡ.

ಹುಡುಗಿ: ಆ ಐದು ನಿಮಿಷ ಏಳೋದು ಎಲ್ಲಿ?

ಚಿಕ್ಕಪ್ಪ: ಸಮುರಾಯ್‌ಗಳನ್ನು ಹುಡುಕೋದು ಮುಗಿದು ಎಲ್ಲರೂ ಪೇಟೆ ಬಿಟ್ಟು ಹಳ್ಳಿಯ ಕಡೆ ಹೊರಡುತ್ತಾರೆ. ಒಂದು ಗಂಟೆ ಆಸುಪಾಸಿನಲ್ಲಿ ಬರುತ್ತೆ. ಪೇಟೆಯ ಕೆಲಸ ಮುಗಿಯಿತು, ಹಳ್ಳಿ ಇನ್ನೂ ಬಂದಿಲ್ಲ. ಆ ದಾರಿಯಲ್ಲಿ ನಿಲ್ಲಿಸು, ನೀರು ಕುಡಿ, ಕಾಲು ಆಡಿಸು. ಹಳ್ಳಿ ತಲುಪಿದಮೇಲೆ ಮಾತ್ರ ನಿಲ್ಲಿಸಬೇಡ. ಅಲ್ಲಿ ಜನ ಇವರನ್ನು ಹೇಗೆ ಬರಮಾಡಿಕೊಳ್ತಾರೆ ಅನ್ನೋದು ಒಂದೇ ಎಳೆಯಲ್ಲಿ ನೋಡಬೇಕಾದದ್ದು. ಅದಕ್ಕೂ ಮೊದಲು ಕಾಂಬೇಯ್ ಮೊದಲ ಸಲ ಕಾಣಿಸಿಕೊಳ್ಳೋ ದೃಶ್ಯ ಇದೆ. ಒಬ್ಬ ಕಳ್ಳ ಮಗುವನ್ನು ಹಿಡಿದುಕೊಂಡು ಗುಡಿಸಲೊಳಗೆ ಸೇರಿಕೊಂಡಿರುತ್ತಾನೆ. ಕಾಂಬೇಯ್ ತಲೆ ಬೋಳಿಸಿಕೊಂಡು, ಸನ್ಯಾಸಿಯ ಬಟ್ಟೆ ಹಾಕಿಕೊಂಡು, ಎರಡು ಅನ್ನದ ಉಂಡೆ ಕೈಯಲ್ಲಿ ಹಿಡಿದು ಹೋಗುತ್ತಾನೆ. ಜುಟ್ಟು ಕತ್ತರಿಸಿಕೊಳ್ಳೋದು ಸಮುರಾಯ್‌ಗೆ ಮಾನದ ವಿಷಯ. ಯಾಕೆ ಹೀಗೆ ಮಾಡುತ್ತಿದ್ದಾನೆ ಅಂತ ಅಲ್ಲಿ ನಿಂತ ಜನಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮೊದಲ ಅರ್ಧ ಗಂಟೆಯಲ್ಲೇ ಬರುತ್ತೆ. ಆ ಹೊತ್ತಿಗೆ ನಿನ್ನ ಮನೆಯಲ್ಲಿ ಕಾಫಿ ಮುಗಿದು ಲೋಟ ಕೆಳಗಿಟ್ಟಿರಬೇಕು.

ಹುಡುಗಿ: ಇನ್ನೊಂದು ತೊಂದರೆ ಇದೆ. ಮಧ್ಯಂತರದ ಹೊತ್ತಿಗೆ ಅಮ್ಮನ ಧಾರಾವಾಹಿ ಬರುತ್ತೆ. ಊಟ ಮಾಡ್ತಾ ಅದನ್ನು ನೋಡಿಬಿಟ್ಟರೆ ಎರಡೂ ಕೆಲಸ ಆಗುತ್ತಲ್ಲ?

ಚಿಕ್ಕಪ್ಪ: ಅದೊಂದು ಬೇಡಮ್ಮ. ಬಿಡುವಿನಲ್ಲಿ ಊಟ ಮಾಡು, ಪಾತ್ರೆ ತೊಳಿ, ಹಿತ್ತಿಲಿಗೆ ಹೋಗಿ ಬಾ, ಮಾತಾಡು. ಇನ್ನೊಂದು ಕತೆ ಮಾತ್ರ ಒಳಗೆ ಬಿಟ್ಟುಕೊಳ್ಳಬೇಡ. ಇಷ್ಟು ಹೊತ್ತು ಏಳು ಹೊಸ ಮುಖ, ಏಳು ಹೊಸ ಹೆಸರು ನೆನಪಿಟ್ಟುಕೊಂಡಿದ್ದೀಯ. ಧಾರಾವಾಹಿಯ ಅತ್ತೆ, ಸೊಸೆ, ಮೈದುನ ಬಂದು ಆ ಜಾಗದಲ್ಲಿ ಕೂತುಬಿಡುತ್ತಾರೆ. ಮೊಬೈಲಿನಲ್ಲಿ ಒಂದಾದ ಮೇಲೊಂದು ವಿಡಿಯೊ ನೋಡಿದರೂ ಅಷ್ಟೇ. ಅಮ್ಮನಿಗೆ ಬೆಳಿಗ್ಗೆಯೇ ಹೇಳಿಟ್ಟಿರು. ಅವರು ಒಳಗೆ ಫೋನಿನಲ್ಲಿ ನೋಡಿಕೊಳ್ಳಲಿ, ಇಲ್ಲ ನಿನ್ನ ಜೊತೆ ಸಿನಿಮಾಕ್ಕೇ ಕೂರಿಸಿಕೋ. ರೈತರ ಕತೆ, ಅವರಿಗೆ ಹಿಡಿಸುತ್ತೆ.

ಹುಡುಗಿ: ಅಮ್ಮ ಕೂತರೆ ಸಬ್‌ಟೈಟಲ್ ನಾನು ಓದಿ ಹೇಳಬೇಕು.

ಚಿಕ್ಕಪ್ಪ: ಎಲ್ಲವನ್ನೂ ಹೇಳಬೇಡ, ಇಬ್ಬರಿಗೂ ಸಿನಿಮಾ ತಪ್ಪುತ್ತೆ. ಒಂದು ಸನ್ನಿವೇಶಕ್ಕೆ ಒಂದು ವಾಕ್ಯ ಸಾಕು. ಅವರ ಮುಖ, ನಡಿಗೆ ನೋಡಿದರೇ ಮುಕ್ಕಾಲು ಪಾಲು ತಿಳಿಯುತ್ತೆ. ಊಟ ಆದಮೇಲೆ ಎರಡನೇ ಭಾಗ ಹಾಕೋಕೆ ಮುಂಚೆ ಅವರಿಗೆ ಮೂರು ವಿಷಯ ಹೇಳು: ಏಳು ಜನ ಯಾರ‍್ಯಾರು, ಹಳ್ಳಿಯ ಯಾವ ಕಡೆ ಏನಿದೆ, ಯಾರಿಗೆ ಯಾರ ಮೇಲೆ ಅನುಮಾನ ಉಳಿದಿದೆ. ಒಬ್ಬಳೇ ನೋಡೋದಾದರೂ ಇದನ್ನು ಮನಸ್ಸಿನಲ್ಲೇ ಹೇಳಿಕೋ. ಹೆಸರು ಬಾರದಿದ್ದರೂ ಸರಿ, ಕತ್ತಿಯಲ್ಲಿ ಗಟ್ಟಿಗ, ನಗಿಸೋನು, ಚಿಕ್ಕ ಹುಡುಗ ಅಂತ ಗುರುತು ಸಿಕ್ಕರೆ ಸಾಕು. ಮೂರರಲ್ಲಿ ಒಂದು ಹೇಳೋಕೆ ಆಗಲಿಲ್ಲ ಅಂದರೆ ಮಧ್ಯಂತರಕ್ಕೆ ಮುಂಚಿನ ಐದು ನಿಮಿಷ ಮತ್ತೆ ಹಾಕು.

ಹುಡುಗಿ: ಊಟ ಏನು ಮಾಡೋದು ಅಂತಲೂ ಹೇಳಿಬಿಡಿ.

ಚಿಕ್ಕಪ್ಪ: ಹೇಳ್ತೀನಿ, ಅದೂ ಮುಖ್ಯವೇ. ಅಡುಗೆ ನಾಲ್ಕೂವರೆ ಐದಕ್ಕೇ ಮುಗಿದಿರಬೇಕು. ಮಧ್ಯಂತರದಲ್ಲಿ ಬಿಸಿ ಮಾಡೋದಷ್ಟೇ ಉಳಿದಿರಲಿ. ಹೊಟ್ಟೆ ತುಂಬಾ ಮುದ್ದೆ ಸಾರೋ ಬಿಸಿಬೇಳೆಬಾತೋ ಉಂಡು ಕೂತರೆ ಒಂಬತ್ತಕ್ಕೆ ರೆಪ್ಪೆ ಭಾರವಾಗುತ್ತೆ. ಎರಡು ಚಪಾತಿ ಪಲ್ಯ, ಮಜ್ಜಿಗೆ, ಅಷ್ಟು ಸಾಕು. ಎರಡನೇ ಭಾಗದಲ್ಲಿ ಏಳೋ ಜಾಗ ಕಡಿಮೆ. ಕೊನೆಯ ಅರ್ಧ ಗಂಟೆಯಲ್ಲಿ ಒಂದೂ ಇಲ್ಲ.

ಹುಡುಗಿ: ಯಾಕೆ, ಕಾಳಗ ಒಂದೇ ದಿನದ್ದಲ್ಲವಲ್ಲ? ನಡುವೆ ರಾತ್ರಿಗಳು ಬರಲ್ವಾ?

ಚಿಕ್ಕಪ್ಪ: ಬರುತ್ತವೆ. ಕುರೊಸಾವಾ ಅಲ್ಲಿ ಹಗಲು ರಾತ್ರಿಗಳನ್ನು ಲೆಕ್ಕ ಹಾಕಿ ಜೋಡಿಸಿದ್ದಾನೆ. ಒಂದು ದಾಳಿ, ಆಮೇಲೆ ಕಾವಲು, ಮತ್ತೆ ದಾಳಿ, ಮತ್ತೆ ರಾತ್ರಿ. ರಾತ್ರಿ ಬಂದಾಗ ನಿಲ್ಲಿಸಬಹುದು ಅನ್ನಿಸುತ್ತೆ. ಆದರೆ ಆ ರಾತ್ರಿಗಳಲ್ಲಿ ಯಾರೂ ಸರಿಯಾಗಿ ಮಲಗಿರಲ್ಲ. ದಣಿವು ಒಂದರ ಮೇಲೊಂದು ಪೇರುತ್ತಾ ಹೋಗುತ್ತೆ. ಕೊನೆಯ ಬೆಳಿಗ್ಗೆ ಮಳೆ ಹೊಯ್ಯುವಾಗ ಅವರು ಎಷ್ಟು ಬಳಲಿದ್ದಾರೆ ಅನ್ನೋದು ನಮ್ಮ ಮೈಗೂ ಗೊತ್ತಾಗಬೇಕು. ಆಗ ನಾವು ಎದ್ದು ಹೋಗಿ ಐಸ್‌ಕ್ರೀಮ್ ತಿಂದು ಬಂದರೆ ನಮಗೆ ವಿಶ್ರಾಂತಿ ಸಿಗುತ್ತೆ, ಅವರಿಗೆ ಸಿಕ್ಕಿರಲ್ಲ. ನಾವು ಬೇರೆ, ಅವರು ಬೇರೆ ಆಗಿಬಿಡ್ತೀವಿ. ಸಿನಿಮಾ ತಾನಾಗಿ ಬಿಡುವು ಕೊಟ್ಟಲ್ಲಿ ತೆಗೆದುಕೋ, ಕೊಡದೇ ಇರೋಕೆ ಕಾರಣ ಇರೋ ಕಡೆ ತೆಗೆದುಕೊಳ್ಳಬೇಡ.

ಹುಡುಗಿ: ನಿಮ್ಮ ಫಿಲ್ಮ್ ಸೊಸೈಟಿಯಲ್ಲಿ ಇದನ್ನು ಹೇಗೆ ತೋರಿಸ್ತಿದ್ರಿ?

ಚಿಕ್ಕಪ್ಪ: ಹದಿನಾರು ಎಂಎಂ ಪ್ರೊಜೆಕ್ಟರ್ ಒಂದೇ ಇರುತ್ತಿತ್ತು. ದೊಡ್ಡ ರೀಲು ಅಂದರೆ ಸುಮಾರು ಮುಕ್ಕಾಲು ಗಂಟೆ. ಮುಗಿದ ಕೂಡಲೇ ದೀಪ ಹಾಕಿ ರೀಲು ಬದಲಾಯಿಸಬೇಕು. ರೀಲು ಮುಗಿಯೋದು ಮಾತಿನ ನಡುವೆಯೋ ಓಟದ ನಡುವೆಯೋ ಹೇಳೋಕಾಗಲ್ಲ. ಜನ ಕಾಯ್ತಾ ಕೂರೋರು. ನಿಲ್ಲಿಸೋ ಜಾಗ ಆಗ ಯಂತ್ರದ ಕೈಲಿತ್ತು. ಈಗ ರಿಮೋಟು ನಿನ್ನ ಕೈಲಿದೆ, ಅದಕ್ಕೇ ಜಾಗ ನೋಡಿ ನಿಲ್ಲಿಸು ಅಂತಿದ್ದೀನಿ.

ಹುಡುಗಿ: ಸಿನಿಮಾ ಹಾಕೋ ಮುಂಚೆ ನೋಡಿಕೊಳ್ಳಬೇಕಾದದ್ದು ಏನಾದರೂ ಇದೆಯಾ?

ಚಿಕ್ಕಪ್ಪ: ಮೊದಲು ಉದ್ದ ನೋಡು. ಈ ಸಿನಿಮಾವನ್ನು ಹೊರದೇಶಗಳಿಗೆ ಕಳಿಸುವಾಗ ಮುಕ್ಕಾಲು ಗಂಟೆಯಷ್ಟು ಕತ್ತರಿಸಿದ್ದರು. ಆ ಮೊಟಕು ಪ್ರತಿ ಎರಡು ಗಂಟೆ ನಲವತ್ತು ನಿಮಿಷದ ಹತ್ತಿರ ಇರುತ್ತೆ. ಅಂಥದ್ದು ಸಿಕ್ಕರೆ ಬಿಟ್ಟುಬಿಡು. ಹಳೆಯ ಡಿವಿಡಿಯಲ್ಲಿ 199 ನಿಮಿಷ ಅಂತ ಇದ್ದರೆ ಮಾತ್ರ ಹೆದರಬೇಡ. ಸಿನಿಮಾ ಸೆಕೆಂಡಿಗೆ 24 ಚಿತ್ರದಂತೆ ಓಡುತ್ತೆ. ನಮ್ಮ ದೇಶದ ಹಳೆಯ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25. ಹಾಗಾಗಿ ಡಿವಿಡಿಯಲ್ಲಿ ಸ್ವಲ್ಪ ಬೇಗ ಓಡಿ ಮುಗಿಯುತ್ತೆ, ಕತ್ತರಿಸಿದ್ದಲ್ಲ. ಆಮೇಲೆ ಸಬ್‌ಟೈಟಲ್. ಇದು ಕಪ್ಪು ಬಿಳುಪು ಸಿನಿಮಾ. ಬಿಳಿ ಅಕ್ಷರ ಬಿಳಿ ಆಕಾಶದ ಮೇಲೆ ಬಂದರೆ ಓದೋಕಾಗಲ್ಲ. ಅಕ್ಷರದ ಸುತ್ತ ಕಪ್ಪು ಅಂಚು ಅಥವಾ ಹಿಂದೆ ಕಪ್ಪು ಪಟ್ಟಿ ಬರೋ ಹಾಗೆ ಶುಕ್ರವಾರವೇ ಹೊಂದಿಸಿ ಒಂದು ನಿಮಿಷ ಓಡಿಸಿ ನೋಡು.

ಹುಡುಗಿ: ಇದಾದಮೇಲೆ ಮುಂದಿನ ಸಿನಿಮಾ ನಾನೇ ಆರಿಸಬೇಕು ಅಂದರೆ ಹೇಗೆ ಆರಿಸಲಿ? ಉದ್ದದ ಸಿನಿಮಾಗಳ ಪಟ್ಟಿ ಎಲ್ಲ ಕಡೆ ಸಿಗುತ್ತೆ. ಪ್ರಸಿದ್ಧವಾದದ್ದನ್ನು ಮೊದಲು ನೋಡಬೇಕಾ?

ಚಿಕ್ಕಪ್ಪ: ಪ್ರಸಿದ್ಧಿ ನೋಡಬೇಡ, ಕಟ್ಟೋಣ ನೋಡು. ಎಲ್ಲಿ ಮುರಿಯಬಹುದು ಅನ್ನೋದನ್ನು ಸಿನಿಮಾವೇ ಹೇಳುತ್ತಾ ಅಂತ ಕೇಳಿಕೋ. ಮಧ್ಯಂತರವನ್ನು ಒಳಗೇ ಇಟ್ಟುಕೊಂಡಿರೋದು ಮೊದಲ ಆಯ್ಕೆ. ಡೇವಿಡ್ ಲೀನ್‌ನ ‘ಲಾರೆನ್ಸ್ ಆಫ್ ಅರೇಬಿಯಾ’ 1962ರದು. ಈಗ ಸಿಗೋ ಪೂರ್ಣ ಪ್ರತಿ ಸುಮಾರು 227 ನಿಮಿಷ. ಅದರಲ್ಲಿ ಮಧ್ಯಂತರ ಬರೋದು ಎರಡು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ. ನಡುವಿಗೆ ಅಂತ ಕಾದು ಕೂತು ಎರಡು ಗಂಟೆಗೇ ನಿಲ್ಲಿಸಿಬಿಟ್ಟರೆ ಮರುಭೂಮಿ ದಾಟೋ ಕತೆ ಅರ್ಧಕ್ಕೇ ತುಂಡಾಗುತ್ತೆ. ಮೊದಲ ಭಾಗ ಉದ್ದ, ಎರಡನೇದು ಚಿಕ್ಕದು. ದಣಿಯದೇ ಇರೋ ಹೊತ್ತಿಗೆ ಹೆಚ್ಚು, ದಣಿದಮೇಲೆ ಕಡಿಮೆ. ಅದಕ್ಕೇ ಆ ದಿನ ಊಟದ ಹೊತ್ತು ಹಿಂದೆ ಮುಂದೆ ಮಾಡಿಕೊಳ್ಳಬೇಕು. ಇನ್ನೊಂದು, ಅದು ಶುರುವಾಗೋದು ಕಪ್ಪು ಪರದೆಯ ಮೇಲೆ ನಾಲ್ಕು ನಿಮಿಷದಷ್ಟು ಸಂಗೀತದಿಂದ. ಟಿವಿ ಕೆಟ್ಟಿದೆ ಅಂತ ಮುಂದಕ್ಕೆ ಓಡಿಸಬೇಡ. ಕೂತು ನೆಲೆ ನಿಲ್ಲೋದಕ್ಕೆ ಕೊಟ್ಟ ಸಮಯ ಅದು.

ಹುಡುಗಿ: ನಮ್ಮ ಕಡೆಯ ಸಿನಿಮಾಗಳಲ್ಲಿ ಇಂಟರ್‌ವಲ್ ಯಾವಾಗಲೂ ಇತ್ತು, ಹಾಗಾದರೆ ಅವೆಲ್ಲ ಸುಲಭ.

ಚಿಕ್ಕಪ್ಪ: ರಾಜ್ ಕಪೂರ್‌ನ ‘ಮೇರಾ ನಾಮ್ ಜೋಕರ್’ನಲ್ಲಿ ಎರಡು ಇಂಟರ್‌ವಲ್ ಇದ್ದವು, 1970ರಲ್ಲಿ. ಕತೆಯೇ ಮೂರು ಅಧ್ಯಾಯ. ಹಾಗಾಗಿ ಮೂರು ಪಾಲು ಮಾಡಿ ನೋಡಿದರೆ ಅದಕ್ಕೆ ಏನೂ ಪೆಟ್ಟಾಗಲ್ಲ. ಆದರೆ ಮನೆಯಲ್ಲಿ ನೋಡುವಾಗ ಇಂಟರ್‌ವಲ್ ಅನ್ನೋ ಅಕ್ಷರವನ್ನೇ ಕಿತ್ತುಹಾಕಿರೋ ಪ್ರತಿಗಳು ಬಹಳ ಸಿಗುತ್ತವೆ. ಆಗ ನೀನೇ ಗೆರೆ ಹುಡುಕಬೇಕು. ‘ಲಗಾನ್’ ನೋಡಿದ್ದೀಯಲ್ಲ, 224 ನಿಮಿಷ. ಅದನ್ನು ಇನ್ನೊಂದು ಸಲ ನೋಡೋದಾದರೆ ಎಲ್ಲಿ ನಿಲ್ಲಿಸ್ತೀಯ?

ಹುಡುಗಿ: ಅದೂ ಇದರ ಹಾಗೇ ಇದೆಯಲ್ಲ. ಹಳ್ಳಿಗೆ ಆಪತ್ತು, ಒಬ್ಬೊಬ್ಬರನ್ನೇ ಸೇರಿಸಿ ತಂಡ ಕಟ್ಟೋದು, ಆಮೇಲೆ ಪಂದ್ಯ. ಪಂದ್ಯ ಶುರುವಾಗೋ ಮುಂಚಿನ ರಾತ್ರಿ ನಿಲ್ಲಿಸ್ತೀನಿ. ಪಂದ್ಯ ಒಂದೇ ಕೂತಿಗೆ ಆಗಬೇಕು.

ಚಿಕ್ಕಪ್ಪ: ಸರಿಯಾಗಿ ಹೇಳಿದೆ. ಅಲ್ಲಿ ಪಂದ್ಯವೂ ಮೂರು ದಿನ ನಡೆಯುತ್ತೆ. ತೀರಾ ಏಳಲೇಬೇಕಾದರೆ ಮೊದಲ ದಿನದ ಆಟ ಮುಗಿದಾಗ ಏಳು. ಆದರೆ ಆ ರಾತ್ರಿ ತಂಡದೊಳಗೆ ಮೋಸ ಬಯಲಾಗುತ್ತೆ. ಅದು ಬಗೆಹರಿಯೋವರೆಗೂ ನೋಡಿ ಆಮೇಲೆ ಏಳು. ಹೀಗೆ ಕತೆಯೊಳಗೆ ಒಂದು ಗುರಿ ಮುಟ್ಟಿದಾಗ, ಜಾಗ ಬದಲಾದಾಗ, ಕಾಲ ಉರುಳಿದಾಗ ಗೆರೆ ಬೀಳುತ್ತೆ. ಈ ಮೂರರಲ್ಲಿ ಎರಡು ಒಟ್ಟಿಗೆ ಬಂದರೆ ಕಣ್ಣುಮುಚ್ಚಿ ನಿಲ್ಲಿಸಬಹುದು.

ಹುಡುಗಿ: ಗೆರೆಯೇ ಇಲ್ಲದ ಉದ್ದದ ಸಿನಿಮಾಗಳೂ ಇರಬೇಕಲ್ಲ?

ಚಿಕ್ಕಪ್ಪ: ಗೆರೆ ಇದ್ದೂ ಮೋಸ ಹೋಗೋ ಸಿನಿಮಾ ಒಂದಿದೆ, ಅದನ್ನು ಹೇಳ್ತೀನಿ. ಶಾಂತಾಲ್ ಅಕರ್ಮಾನ್‌ಳ ‘ಜಾನ್ ಡೀಲ್ಮನ್’, 1975ರದು, 201 ನಿಮಿಷ. ಬ್ರಸೆಲ್ಸ್‌ನಲ್ಲಿ ಮಗನ ಜೊತೆ ಇರೋ ಒಬ್ಬ ವಿಧವೆಯ ಮೂರು ದಿನ. ಅಡುಗೆ, ಹಾಸಿಗೆ ಸರಿಮಾಡೋದು, ಶೂ ಒರೆಸೋದು, ದೀಪ ಆರಿಸೋದು, ಎಲ್ಲವನ್ನೂ ಕ್ಯಾಮೆರಾ ಅಲುಗಾಡದೆ ಪೂರ್ತಿ ತೋರಿಸುತ್ತೆ. ದಿನ ಮುಗಿದಾಗ ಅದನ್ನು ಅಕ್ಷರದಲ್ಲೇ ಬರೆದು ತೋರಿಸುತ್ತೆ. ಮೂರು ದಿನ, ಮೂರು ರಾತ್ರಿ ಹಂಚಿಕೊಂಡು ನೋಡೋಣ ಅನ್ನಿಸೋದು ಸಹಜ. ಆದರೆ ಎರಡನೇ ದಿನ ಅವಳ ಆಲೂಗಡ್ಡೆ ಹೆಚ್ಚು ಬೆಂದುಹೋಗುತ್ತೆ. ಪಾತ್ರೆ ಹಿಡಿದುಕೊಂಡು ಏನು ಮಾಡಬೇಕೋ ತೋಚದೆ ಮನೆಯೊಳಗೆ ಓಡಾಡುತ್ತಾಳೆ. ಬರೆದು ಹೇಳಿದರೆ ಏನೂ ಅಲ್ಲ. ಮೊದಲ ದಿನ ಅದೇ ಕೆಲಸ ಎಷ್ಟು ಅಚ್ಚುಕಟ್ಟಾಗಿ ನಡೆದಿತ್ತು ಅನ್ನೋದು ಇನ್ನೂ ಕಣ್ಣಲ್ಲಿದ್ದರೆ ಮಾತ್ರ ಅದು ಭಯ ಹುಟ್ಟಿಸುತ್ತೆ. ಒಂದು ರಾತ್ರಿ ಮಲಗಿ ಎದ್ದರೆ ಆ ಅಚ್ಚುಕಟ್ಟು ನೆನಪಲ್ಲಿ ಉಳಿಯಲ್ಲ, ಆಲೂಗಡ್ಡೆ ಬರೀ ಆಲೂಗಡ್ಡೆ. ಅದನ್ನು ಒಂದೇ ಸಂಜೆ ನೋಡಬೇಕು. ಮೊದಲ ದಿನ ಮುಗಿದಾಗ ಅರ್ಧ ಗಂಟೆ ಎದ್ದು ಊಟ ಮಾಡು. ಎರಡನೇ ದಿನ ಮುಗಿದಾಗ ನೀರು ಕುಡಿದು ಕೂತುಬಿಡು. ಕಾರಣ ಆಗ ಅವಳೊಳಗೆ ಏನೋ ಸಡಿಲವಾಗಿದೆ, ಅದು ಎಲ್ಲಿಗೆ ಹೋಗುತ್ತೆ ಅನ್ನೋ ಆತಂಕ ಕಳೆದುಹೋಗಬಾರದು.

ಹುಡುಗಿ: ಏಳು ಗಂಟೆಯ ಸಿನಿಮಾನೂ ಇದೆಯಂತೆ.

ಚಿಕ್ಕಪ್ಪ: ಬೇಲಾ ತಾರ್‌ನ ‘ಸಾತಾನ್‌ಟ್ಯಾಂಗೊ’, 1994ರದು. ಏಳು ಗಂಟೆಗೂ ಮೀರಿದೆ, ಹನ್ನೆರಡು ಅಧ್ಯಾಯ. ಅದು ಒಂದು ಸಂಜೆಯ ಮಾತಲ್ಲ, ಒಂದು ಪೂರ್ತಿ ಹಗಲಿನದು. ಬೆಳಿಗ್ಗೆ ಶುರು ಮಾಡಿ ಎರಡು ದೊಡ್ಡ ಬಿಡುವು ಕೊಟ್ಟು ನೋಡಬೇಕು. ಹಾಗೆ ಒಂದು ಭಾನುವಾರ ಬಿಡುವು ಸಿಗದಿದ್ದರೆ ಅದನ್ನು ಮುಂದಕ್ಕೆ ಹಾಕು. ಸಂಜೆಗೆ ಮೂರರಿಂದ ನಾಲ್ಕು ಗಂಟೆಯ ಸಿನಿಮಾ ಗಡಿ ಅಂತ ಇಟ್ಟುಕೋ. ಅದಕ್ಕಿಂತ ಉದ್ದದ್ದು ಬೇಕು ಅಂದರೆ, ಕಂತುಗಳಾಗಿಯೇ ಮಾಡಿದ ಬರ್ಗ್‌ಮನ್‌ನ ‘ಫ್ಯಾನಿ ಅಂಡ್ ಅಲೆಕ್ಸಾಂಡರ್’ ಇದೆ. ಅದು ಚಿತ್ರಮಂದಿರಕ್ಕೆ ಮೂರು ಗಂಟೆ ಚಿಲ್ಲರೆ, ಟಿವಿಗೆ ಐದು ಗಂಟೆ ಮೀರಿ. ಟಿವಿ ರೂಪವನ್ನು ಎರಡು ರಾತ್ರಿ ನೋಡಿದರೂ ಸರಿಯೇ. ಅದರ ಭಾಗಗಳನ್ನು ಹಾಗೇ ಬೇರೆ ಬೇರೆ ಇಟ್ಟು ಕಟ್ಟಿದ್ದಾರೆ.

ಹುಡುಗಿ: ನನ್ನ ಶನಿವಾರಕ್ಕೆ ಬರ್ತೀನಿ. ಐದೂವರೆಗೆ ಶುರು. ಪೇಟೆ ಬಿಟ್ಟು ಹೊರಟಾಗ ಐದು ನಿಮಿಷ. ಏಳೂವರೆ ಹೊತ್ತಿಗೆ ಕತ್ತಿ ಹಿರಿದ ದೃಶ್ಯ, ಮಧ್ಯಂತರ, ಚಪಾತಿ. ಮೂರು ವಿಷಯ ಅಮ್ಮನಿಗೆ ಹೇಳಿ ಎಂಟೂಕಾಲಿಗೆ ಎರಡನೇ ಭಾಗ. ಹತ್ತರೊಳಗೆ ಮುಗೀತು. ಮಧ್ಯಾಹ್ನ ಕೆಲಸ ಸಿಕ್ಕಿಹಾಕಿಕೊಂಡು ಆರೂವರೆಗೆ ಮನೆ ಸೇರಿದರೆ?

ಚಿಕ್ಕಪ್ಪ: ಏಳಕ್ಕೆ ಶುರು ಮಾಡಿದರೆ ಮಧ್ಯಂತರ ಒಂಬತ್ತಕ್ಕೆ ಸ್ವಲ್ಪ ಮುಂಚೆ. ಆಗ ಊಟ ಮಾಡಿ ಮಲಗು, ಎರಡನೇ ಭಾಗ ಭಾನುವಾರ ಬೆಳಿಗ್ಗೆ ಕಾಫಿ ಆದ ಕೂಡಲೇ. ಹಾಕೋ ಮುಂಚೆ ಕಾಂಬೇಯ್ ನಕ್ಷೆ ಹಿಡಿದು ಹಳ್ಳಿ ಸುತ್ತೋ ದೃಶ್ಯವನ್ನೂ, ಕತ್ತಿ ಹಿರಿಯೋ ದೃಶ್ಯವನ್ನೂ ಮತ್ತೆ ನೋಡಿಕೋ. ಒಂದು ರಾತ್ರಿಯ ಅಂತರವನ್ನು ಆ ಎರಡು ದೃಶ್ಯ ತುಂಬಿಕೊಡುತ್ತವೆ. ಎರಡು ರಾತ್ರಿಯದನ್ನು ತುಂಬಿಕೊಡಲ್ಲ. ಭಾನುವಾರವೂ ಬಿಡುವಿಲ್ಲ ಅಂತ ಮೊದಲೇ ಗೊತ್ತಿದ್ದರೆ ಶನಿವಾರ ಶುರು ಮಾಡಲೇಬೇಡ. ಆ ಸಂಜೆ ಕುರೊಸಾವಾನದ್ದೇ ‘ರಾಶೊಮೊನ್’ ಹಾಕು, ಒಂದೂವರೆ ಗಂಟೆಯಲ್ಲಿ ಮುಗಿಯುತ್ತೆ. ಏಳು ಸಮುರಾಯ್‌ಗಳಿಗೆ ಮುಂದಿನ ಶನಿವಾರ ಕೊಡು.